16 ಮತ್ತು 12ರ ನಡುವಿನ ‘ಖಚಿತ ಆದಾಯ’: ಆಪ್ಷನ್ ಮಾರುವ ಮುಂಚೆ ಇದನ್ನು ಓದಿ

ತಿಂಗಳ ಚಂದಾ ಕಟ್ಟಿಸಿಕೊಂಡು ಆಪ್ಷನ್ ಮಾರುವ ಸಲಹೆ ಕೊಡುವ ಒಂದು ಸೇವೆಗೆ ನಾನು ಸೇರಿದ್ದೆ. ಆಪ್ಷನ್ ಅಂದರೆ ನಿಗದಿತ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು. ಅವರು ತೋರಿಸುತ್ತಿದ್ದ ಪಟ್ಟಿ ಸರಳ. ಸೂಚ್ಯಂಕದ ಇಂಪ್ಲೈಡ್ ವೊಲಾಟಿಲಿಟಿ 16, ರಿಯಲೈಸ್ಡ್ ವೊಲಾಟಿಲಿಟಿ 12. ನಡುವಿನ 4 ಅಂಶ ಮಾರಿದವರ ಜೇಬಿಗೆ. ಹಲವು ತಿಂಗಳು ಹಾಗೇ ನಡೆಯಿತು. ಆಮೇಲೆ ಒಂದೇ ದಿನ ಮಾರುಕಟ್ಟೆ ಕುಸಿಯಿತು. ಬ್ರೋಕರ್ ಮಾರ್ಜಿನ್, ಅಂದರೆ ಭದ್ರತೆಗೆ ಇಡಬೇಕಾದ ಹಣ, ಏರಿಸಿದರು. ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ, ಹಾಗಾಗಿ ಪೊಸಿಷನ್ ಅತ್ಯಂತ ಕೆಟ್ಟ ಬೆಲೆಗೆ ಮುಚ್ಚಿಹೋಯಿತು. ಗಳಿಸಿದ್ದರ ಜೊತೆಗೆ ಅಸಲಿನ ದೊಡ್ಡ ಭಾಗವೂ ಹೋಯಿತು. ಅದೇ ಪಟ್ಟಿಯನ್ನು ಈಗಲೂ ಹೊಸಬರಿಗೆ ತೋರಿಸುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಜ ಹೇಳಿಬಿಡುತ್ತೇನೆ: ಆ ಅಂತರ ಸುಳ್ಳಲ್ಲ. ಇಂಪ್ಲೈಡ್ ಅಂದರೆ ಮುಂದಿನ ದಿನಗಳಲ್ಲಿ ಬೆಲೆ ಎಷ್ಟು ಏರಿಳಿಯಬಹುದು ಎಂದು ಇವತ್ತಿನ ಆಪ್ಷನ್ ದರದಿಂದ ತೆಗೆದ ಅಂದಾಜು. ರಿಯಲೈಸ್ಡ್ ಅಂದರೆ ಆಮೇಲೆ ನಿಜವಾಗಿ ಆದ ಏರಿಳಿತ. ಅಮೆರಿಕದ S&P 500 ಸೂಚ್ಯಂಕದಲ್ಲಿ, ದಶಕಗಳ ಸರಾಸರಿ ನೋಡಿದರೆ, ಮೊದಲನೆಯದು ಎರಡನೆಯದಕ್ಕಿಂತ ಕೆಲವು ಅಂಶ ಜಾಸ್ತಿ. ಷೇರು ಇಟ್ಟುಕೊಂಡವರು ಕುಸಿತಕ್ಕೆ ಹೆದರಿ ವಿಮೆಯ ಹಾಗೆ ಪುಟ್, ಅಂದರೆ ನಿಗದಿತ ಬೆಲೆಗೆ ಮಾರುವ ಹಕ್ಕು, ಕೊಳ್ಳುತ್ತಾರೆ. ಮಾರಿದವರಿಗೆ ನಷ್ಟ ಬರುವುದು ಎಲ್ಲರೂ ಒಟ್ಟಿಗೆ ಕಳೆದುಕೊಳ್ಳುವ ದಿನ, ಕೈಯಲ್ಲಿ ಹಣವೇ ಇಲ್ಲದ ದಿನ. ಅಂಥ ನಷ್ಟ ಹೊರಲು ಯಾರೂ ಸುಮ್ನೆ ಒಪ್ಪೋದಿಲ್ಲ ಅಲ್ವಾ? ಆ ಹೆಚ್ಚುವರಿ ದರ ಅದರ ಕೂಲಿ.

ಪಟ್ಟಿ ಮುಚ್ಚಿಡುವುದು ಈ ಕೂಲಿಯ ಇನ್ನೊಂದು ಮುಖವನ್ನು. ಒಂದು ಲೆಕ್ಕ ಮಾಡೋಣ. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನ, ಅದರ ವರ್ಗಮೂಲ ಸುಮಾರು 16. ಹಾಗಾಗಿ ಇಂಪ್ಲೈಡ್ 16, ಅಂದರೆ ವರ್ಷಕ್ಕೆ 16%, ಆ ವರ್ಗಮೂಲದಿಂದ ಭಾಗಿಸಿದರೆ ದಿನಕ್ಕೆ ಸುಮಾರು 1% ಏರಿಳಿತ. ಆಪ್ಷನ್ ಮಾರಿ, ಬೆಲೆಯ ದಿಕ್ಕಿನ ಅಪಾಯ ತಗ್ಗಿಸಲು ಸೂಚ್ಯಂಕವನ್ನೇ ಕೊಂಡು ಮಾರಿ ದಿನಾ ಹೆಡ್ಜ್ ಮಾಡುವವರ ಲಾಭನಷ್ಟ ಏರಿಳಿತದ ಮೇಲೆ ನಿಲ್ಲುವುದಿಲ್ಲ, ಅದರ ವರ್ಗದ ಮೇಲೆ ನಿಲ್ಲುತ್ತದೆ. 1% ಆದರೆ 1 ಅಂಕ, 2% ಆದರೆ 4, 5% ಆದರೆ 25. ಬೆಲೆ ಸ್ಟ್ರೈಕ್‌ನಿಂದ, ಅಂದರೆ ಆಪ್ಷನ್‌ನಲ್ಲಿ ನಿಗದಿಯಾದ ಬೆಲೆಯಿಂದ, ದೂರ ಹೋದಂತೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೆ ಅಂದಾಜಿಗೆ ಇಷ್ಟು ಸಾಕು.

ಇಂಪ್ಲೈಡ್ 16ಕ್ಕೆ ಮಾರಿದವರಿಗೆ ದಿನಕ್ಕೆ 1ರಂತೆ 21 ದಿನಗಳ ತಿಂಗಳಿಗೆ ಸಿಕ್ಕಿದ್ದು 21 ಅಂಕ. ಪ್ರತಿದಿನ 0.75% ಮಾತ್ರ ಅಲುಗಾಡಿದರೆ, ಅಂದರೆ ರಿಯಲೈಸ್ಡ್ 12 ಆದರೆ, ಖರ್ಚು ಸುಮಾರು 12 ಅಂಕ. ಉಳಿದ 9 ಲಾಭ. ಈಗ 20 ದಿನ ಹಾಗೇ ಶಾಂತವಾಗಿದ್ದು, ಒಂದು ದಿನ ಮಾತ್ರ 5% ಬಿದ್ದಿತು ಅಂದುಕೊಳ್ಳಿ. 11 ಮತ್ತು 25 ಸೇರಿ 36. ರಿಯಲೈಸ್ಡ್ 21ಕ್ಕೆ ಏರಿತು, ನಷ್ಟ 15 ಅಂಕ. ಎರಡು ದಿನ 7% ಆದರೆ ಆ ಎರಡೇ ದಿನಕ್ಕೆ 98 ಅಂಕ. ಒಂಬತ್ತು ಶಾಂತ ತಿಂಗಳ ಲಾಭ ಅಲ್ಲಿಗೆ ಮುಗಿಯಿತು. 2020ರ ಮಾರ್ಚ್ 16ರಂದು S&P 500 ಸುಮಾರು 12% ಕುಸಿದಿತ್ತು. ಅದನ್ನು ನೀವೇ ವರ್ಗ ಮಾಡಿ ನೋಡಿ.

ಇದು ಅಂತಿಮ ಲೆಕ್ಕ ಮಾತ್ರ. ಅಲ್ಲಿಯವರೆಗೆ ಉಳಿಯಬೇಕಲ್ಲ! ಕುಸಿತದ ದಿನ ಇಂಪ್ಲೈಡ್ ಕೂಡ ಜಿಗಿಯುತ್ತದೆ, ಮಾರಿದ ಆಪ್ಷನ್‌ನ ದರ ಎರಡು ಕಡೆಯಿಂದ ಏರುತ್ತದೆ. 2018ರ ಫೆಬ್ರವರಿ 5ರಂದು ಸೂಚ್ಯಂಕ ಬಿದ್ದದ್ದು ಸುಮಾರು 4%, ಆದರೆ ಆ ಸೂಚ್ಯಂಕದ ಇಂಪ್ಲೈಡ್ ಅಳೆಯುವ VIX ಒಂದೇ ದಿನದಲ್ಲಿ 17ರಿಂದ 37ಕ್ಕೆ ಹೋಯಿತು. ನನ್ನ ವಿಷಯದಲ್ಲೂ ಹೊಡೆದದ್ದು ಇದೇ. ಖಾತೆಯ ಬಹುಪಾಲು ಹಣವನ್ನು ಮಾರ್ಜಿನ್‌ಗೆ ಹಾಕಿ ಎನ್ನುವುದು ಆ ಸೇವೆಯ ಸಲಹೆಯಾಗಿತ್ತು. ಕುಸಿತ ಆದಮೇಲೆ ಮಾರುವವರಿಗೆ ಒಳ್ಳೆಯ ದರ ಸಿಗುತ್ತದೆ, ನಿಜ. ಆದರೆ ಆಗ ಮಾರಲು ನನ್ನ ಖಾತೆಯಲ್ಲಿ ಏನೂ ಉಳಿದಿರಲಿಲ್ಲ.

ಇನ್ನು ಪಟ್ಟಿಯ ದೋಷ. ಅವರು ಇವತ್ತಿನ ಇಂಪ್ಲೈಡ್‌ನಿಂದ ಕಳೆಯುತ್ತಿದ್ದದ್ದು *ಕಳೆದ* ತಿಂಗಳ ರಿಯಲೈಸ್ಡ್. ಆಪ್ಷನ್ ಮಾರಿದವರು ಹಣ ಕೊಡಬೇಕಾದದ್ದು *ಮುಂದಿನ* ತಿಂಗಳ ಏರಿಳಿತಕ್ಕೆ. ಮೇಲಿನ ಉದಾಹರಣೆಯಲ್ಲೇ ನೋಡಿ: ಶಾಂತ ತಿಂಗಳ ಕೊನೆಗೆ ಪಟ್ಟಿ 4 ಅಂಶದ ಲಾಭ ತೋರಿಸುತ್ತದೆ, ಆ ಮೇಲೆ ಬರುವ 5% ದಿನದ ಸುಳಿವೇ ಅದರಲ್ಲಿರುವುದಿಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ. ಸಾಲಿನ ತಾರೀಕು ಹಿಡಿದು, ಎರಡನೇ ಸಂಖ್ಯೆ ಆ ತಾರೀಕಿನ ಹಿಂದಿನ 21 ದಿನದ್ದೋ ಮುಂದಿನ 21 ದಿನದ್ದೋ ಎಂದು ದಿನದ ಮುಕ್ತಾಯದ ಬೆಲೆಗಳಿಂದ ಲೆಕ್ಕ ಹಾಕಿ. ಹಿಂದಿನದಾದರೆ ಅಲ್ಲಿಗೇ ಬಿಡಿ.

ಮುಂದಿನದೇ ಆಗಿದ್ದರೂ ಚಂದಾ ಕಟ್ಟುವ ಮೊದಲು 2008ರ ಅಕ್ಟೋಬರ್, 2018ರ ಫೆಬ್ರವರಿ, 2020ರ ಮಾರ್ಚ್ ಸಾಲುಗಳನ್ನು ಕೇಳಿ ಪಡೆಯಿರಿ. ಆ ದಿನಗಳಲ್ಲಿ ಅವರ ಪೊಸಿಷನ್‌ಗೆ ಎಷ್ಟು ಮಾರ್ಜಿನ್ ಬೇಕಾಗಿತ್ತು ಎಂಬ ಸಂಖ್ಯೆಯೂ ಇರಲಿ. ನಾನು ಕೊನೆಗೆ ಕೇಳಿದಾಗ ಹಳೆಯ ದರಗಳ ಮೇಲೆ ಅವರು ಮಾಡಿದ ಬ್ಯಾಕ್‌ಟೆಸ್ಟ್ ಶುರುವಾಗಿದ್ದೇ 2020ರ ಜೂನ್‌ನಿಂದ ಎಂದು ಗೊತ್ತಾಯಿತು.