ಕೋಳಿಗೂಡಿನ ಅಗುಳಿಗೆ ಎಂಜಿ996ಆರ್ ಸರ್ವೋ: ಕೆಲವು ಮಳೆಗಾಲ ಬಳಸಿದ ಮೇಲೆ

ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದಲ್ಲಿ ಕೋಳಿಗೂಡಿನ ಬಾಗಿಲಿಗೆ ಎಂಜಿ996ಆರ್ ಮಾದರಿಯ ಲೋಹದ ಗಿಯರಿನ ಸರ್ವೋ ಹಾಕಿದ್ದೇನೆ. ಸಂಜೆ ಬಾಗಿಲು ಒತ್ತಿ ಹಿಡಿದು ಗುಂಡಿ ಒತ್ತಿದರೆ ಅದು ಅಗುಳಿಯನ್ನು ಒಳಕ್ಕೆ ತಳ್ಳುತ್ತದೆ. ಬೆಳಕು ಹರಿದಾಗ ಅಗುಳಿಯನ್ನು ಹಿಂದಕ್ಕೆ ಎಳೆಯುತ್ತದೆ, ಸ್ಪ್ರಿಂಗ್ ಬಾಗಿಲನ್ನು ತೆರೆಯುತ್ತದೆ. ನಡೆಸುವುದು ಒಂದು ಆರ್ಡುಯಿನೋ ನ್ಯಾನೋ. ಮರಿಗಳ ಬಲ್ಬನ್ನು ಹೊತ್ತಿಸಿ ಆರಿಸಲು ಅದೇ ನ್ಯಾನೋಗೆ ಡಿಎಚ್‌ಟಿ22 ತಾಪಮಾನ ಸಂವೇದಕವನ್ನೂ ಜೋಡಿಸಿದೆ.

ಸರ್ವೋದ ಬಲದ ಬಗ್ಗೆ ದೂರಿಲ್ಲ. 4.8 ವೋಲ್ಟ್‌ನಲ್ಲಿ ಸುಮಾರು 9.4 ಕೆಜಿ-ಸೆಂಮೀ ಎಂದು ಅದರ ವಿವರಪಟ್ಟಿ ಹೇಳುತ್ತದೆ. ಮಳೆಗೆ ಮರ ಉಬ್ಬಿ ಅಗುಳಿ ಬಿಗಿಯಾದ ದಿನವೂ ಕೆಲಸ ನಿಂತಿಲ್ಲ, ಗಿಯರ್ ಸವೆದಿಲ್ಲ. ಕಾಡಿದ್ದು ಚಾಲೂ ಆಗುವ ಆ ಒಂದು ಗಳಿಗೆ. ನಮ್ಮಲ್ಲಿ ಜೂನ್‌ನಿಂದ ಕರೆಂಟ್ ಹೋಗಿ ಬರುವುದಕ್ಕೆ ಲೆಕ್ಕವಿಲ್ಲ, ತಂತಿಯ ಮೇಲೆ ಮರ ಬಿದ್ದರಂತೂ ಮುಗಿಯಿತು. ತೋಟದಲ್ಲಿ ಕೆಲಸಕ್ಕಿರುವ ಹುಡುಗ ಒಂದು ಬೆಳಿಗ್ಗೆ ಬಂದು, "ಅಣ್ಣಾ, ರಾತ್ರಿ ಕರೆಂಟ್ ಬಂದ ಕೂಡಲೇ ಅಗುಳಿ ಪಟಪಟ ಹೊಡ್ಕೊಳ್ತದೆ, ಬಾಗಿಲು ತೆರೆದೇ ಹೋಯ್ತು" ಅಂದ. ಪುನುಗು ಬೆಕ್ಕು ಓಡಾಡುವ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ.

ಗಮನಿಸಿ ನೋಡಿದರೆ ಅದರಲ್ಲಿ ಮೂರು ಬಗೆಯ ಅದುರುವಿಕೆ ಬೆರೆತಿತ್ತು. ಒಂದು, ಕರೆಂಟ್ ಬಂದಾಗ ಒಂದೇ ಒಂದು ಜೋರಾದ ಒದೆತ. ಎರಡು, ಒದೆತ ಮತ್ತೆ ಮತ್ತೆ ಬರುವುದು, ಜೊತೆಗೆ ಪ್ರತಿ ಸಲವೂ ನ್ಯಾನೋದ 13ನೇ ಪಿನ್ನಿನ ದೀಪ ಮಿಣುಕುವುದು. ಮೂರು, ಏನೂ ಕೆಲಸವಿಲ್ಲದಾಗಲೂ ಆಗಾಗ ಸಣ್ಣಗೆ ಜಿಗಿಯುವುದು. ಮೂರಕ್ಕೂ ಕಾರಣ ಬೇರೆ ಬೇರೆ. ಸರ್ವೋ ಬದಲಿಸಿದ್ದರೆ ಒಂದೂ ಹೋಗುತ್ತಿರಲಿಲ್ಲ.

ಎರಡನೆಯದರಿಂದ ಶುರು ಮಾಡಿದೆ. ಆ ದೀಪ ಮಿಣುಕುವುದೆಂದರೆ ಬೂಟ್‌ಲೋಡರ್ ಮತ್ತೆ ಓಡುತ್ತಿದೆ, ಅಂದರೆ ನ್ಯಾನೋ ರಿಸೆಟ್ ಆಗುತ್ತಿದೆ ಎಂದರ್ಥ. ಈ ಸರ್ವೋ ಸಿಕ್ಕಿಹಾಕಿಕೊಂಡಾಗ ಸುಮಾರು 2.5 ಆಂಪ್ ಎಳೆಯುತ್ತದೆ, ನಿಂತಲ್ಲಿಂದ ಹೊರಡುವಾಗಲೂ ಕ್ಷಣಕಾಲ ಹೆಚ್ಚುಕಡಿಮೆ ಅಷ್ಟೇ. ಮನೆಯೊಳಗಿನ 2 ಆಂಪ್ ಅಡಾಪ್ಟರಿನಿಂದ ಗೂಡಿಗೆ 2 ಮೀಟರ್ ಸಣ್ಣ ತಂತಿ ಎಳೆದಿತ್ತು, ಹೋಗಿ ಬರುವ ದಾರಿ ಸೇರಿ 4 ಮೀಟರ್. 24 ಗೇಜ್ ತಂತಿಗೆ ಮೀಟರಿಗೆ 0.084 ಓಮ್ ಇರುವುದರಿಂದ ಒಟ್ಟು 0.34 ಓಮ್. 2.5 ಆಂಪ್ ಹರಿದರೆ ತಂತಿಯಲ್ಲೇ 0.84 ವೋಲ್ಟ್ ಹೋಗುತ್ತದೆ. ಅಡಾಪ್ಟರಿಗೂ ಆ ಭಾರ ತಡೆಯದು. ವೋಲ್ಟೇಜ್ ಕುಸಿದಾಗ ನ್ಯಾನೋ ರಿಸೆಟ್ ಆಗುತ್ತದೆ, ಎದ್ದ ಕೂಡಲೇ ಸರ್ವೋಗೆ ಆಜ್ಞೆ ಕೊಡುತ್ತದೆ, ಸರ್ವೋ ಮತ್ತೆ ಎಳೆಯುತ್ತದೆ, ಮತ್ತೆ ಕುಸಿತ. ಇದನ್ನು ಮಲ್ಟಿಮೀಟರ್ ಹಿಡಿಯಲಾರದು, ಕುಸಿತ ಇರುವುದು ಅಷ್ಟು ಕಡಿಮೆ ಹೊತ್ತು. ಆಸಿಲೋಸ್ಕೋಪ್ ಇಲ್ಲದವರಿಗೆ ಒಂದು ಪರೀಕ್ಷೆ ಇದೆ: ನ್ಯಾನೋದ 5 ವೋಲ್ಟ್ ತಂತಿ ಬಿಚ್ಚಿ, ನ್ಯಾನೋವನ್ನು ಮಾತ್ರ ಪವರ್ ಬ್ಯಾಂಕಿನಿಂದ ನಡೆಸಿ, ಗ್ರೌಂಡ್ ಮಾತ್ರ ಸೇರಿಸಿಡಿ. ದೀಪ ಮಿಣುಕುವುದು ನಿಂತರೆ ತೊಂದರೆ ಪವರ್‌ನದೇ.

ಸರ್ವೋದ ಬಳಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಕು ಎಂದು ತುಂಬ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಅರ್ಧ ವೋಲ್ಟ್ ಮಾತ್ರ ಇಳಿಯಬೇಕು ಎಂದರೆ ಅದು 2.5 ಆಂಪನ್ನು 0.2 ಮಿಲಿಸೆಕೆಂಡ್ ಕೊಡಬಲ್ಲದು. ಮೋಟಾರ್ ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಹಾಗಾಗಿ ಕೆಪಾಸಿಟರ್ ಮೊದಲ ಹೊಡೆತವನ್ನೂ ಮೋಟಾರಿನ ಬ್ರಷ್ ಎಬ್ಬಿಸುವ ಗದ್ದಲವನ್ನೂ ನುಂಗುತ್ತದೆ, ಉಳಿದ ಭಾರ ಪವರ್ ಸಪ್ಲೈ ಹೊರಬೇಕು. ನಾನು 5 ವೋಲ್ಟ್ 5 ಆಂಪ್ ಸಪ್ಲೈ ತಂದು 1 ಚದರ ಮಿಮೀ ತಂತಿ ಎಳೆದೆ. ತಂತಿಯಲ್ಲಿ ಹೋಗುವುದು ಈಗ 0.2 ವೋಲ್ಟಿಗಿಂತ ಕಡಿಮೆ. ಅದರ ಮೇಲೆ ಸರ್ವೋ ಕನೆಕ್ಟರಿನ ಬುಡದಲ್ಲೇ 1000 ಮೈಕ್ರೋಫ್ಯಾರಡ್, ಪಕ್ಕದಲ್ಲಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್. ನ್ಯಾನೋಗೆ ಹೋಗುವ 5 ವೋಲ್ಟ್ ತಂತಿಯಲ್ಲಿ 1ಎನ್5819 ಡಯೋಡ್, ಅದರಾಚೆ 470 ಮೈಕ್ರೋಫ್ಯಾರಡ್. ಸರ್ವೋ ಕಡೆ ಕುಸಿದರೂ ಡಯೋಡ್ ವಾಪಸ್ ಹರಿಯಲು ಬಿಡುವುದಿಲ್ಲ. ನ್ಯಾನೋ 20 ಮಿಲಿಆಂಪ್ ಬಳಸಿದರೆ 20 ಮಿಲಿಸೆಕೆಂಡಿನಲ್ಲಿ ಇಳಿಯುವುದು ಸುಮಾರು 0.85 ವೋಲ್ಟ್, ರಿಸೆಟ್ ಆಗುವಷ್ಟಲ್ಲ. ಗ್ರೌಂಡ್ ತಂತಿಗಳು ಸಪ್ಲೈ ಟರ್ಮಿನಲ್‌ನಲ್ಲೇ ಕೂಡಬೇಕು. ಸರ್ವೋದ ಕರೆಂಟ್ ನ್ಯಾನೋದ ಗ್ರೌಂಡ್ ಮೂಲಕ ಹರಿದರೆ ಸಿಗ್ನಲ್ಲಿನ ನೆಲೆಯೇ ಅಲುಗಾಡುತ್ತದೆ.

ಇಷ್ಟು ಮಾಡಿದ ಮೇಲೆ ಸರಣಿ ಒದೆತ ನಿಂತಿತು, ಆದರೆ ಮೊದಲ ಒದೆತ ಉಳಿಯಿತು. ನ್ಯಾನೋ ಬೂಟ್ ಆಗುವಷ್ಟು ಹೊತ್ತು ಸಿಗ್ನಲ್ ಪಿನ್ ಯಾವ ಕಡೆಗೂ ಎಳೆಯದೆ ತೇಲುತ್ತಿರುತ್ತದೆ, ತಂತಿ ಹಿಡಿದ ಗದ್ದಲವನ್ನು ಸರ್ವೋ ತನಗೆ ಸ್ಥಾನ ಹೇಳುವ ಪಲ್ಸ್ ಎಂದುಕೊಳ್ಳಬಹುದು. ಸರ್ವೋ ತುದಿಯಲ್ಲಿ ಸಿಗ್ನಲ್‌ನಿಂದ ಗ್ರೌಂಡಿಗೆ 10 ಕಿಲೋಓಮ್, ನ್ಯಾನೋ ತುದಿಯಲ್ಲಿ ಸಾಲಿಗೆ 330 ಓಮ್ ಹಾಕಿದೆ. ಇನ್ನೊಂದು ಕಾರಣ ಲೈಬ್ರರಿಯಲ್ಲಿತ್ತು. ಬೇರೆ ಸ್ಥಾನ ಹೇಳದೆ `attach()` ಕರೆದರೆ Servo ಲೈಬ್ರರಿ 1.5 ಮಿಲಿಸೆಕೆಂಡ್ ಪಲ್ಸ್ ಕಳಿಸುತ್ತದೆ. ನನ್ನ ಜೋಡಣೆಯಲ್ಲಿ 1 ಮಿಲಿಸೆಕೆಂಡ್ ಎಂದರೆ ಅಗುಳಿ ಪೂರ್ತಿ ಒಳಗೆ, 2 ಎಂದರೆ ಪೂರ್ತಿ ಹೊರಗೆ. 1.5ಕ್ಕೆ ಅಗುಳಿ ಅರ್ಧ ಈಚೆ ಬರುತ್ತದೆ, ಸ್ಪ್ರಿಂಗಿಗೆ ಅಷ್ಟು ಸಾಕು. `attach()` ಮೊದಲೇ `writeMicroseconds(1000)` ಎಂದು ಬರೆದರೆ ಇದು ಹೋಗುತ್ತದೆ.

ಮೂರನೆಯ ಸಣ್ಣ ಜಿಗಿತ ಡಿಎಚ್‌ಟಿ22 ಓದುವ ಹೊತ್ತಿಗೇ ಸರಿಯಾಗಿ ಬರುತ್ತಿತ್ತು. ಆ ಸಂವೇದಕದ ಲೈಬ್ರರಿ ಓದುವಾಗ ಕೆಲವು ಮಿಲಿಸೆಕೆಂಡ್ ಇಂಟರಪ್ಟ್‌ಗಳನ್ನು ತಡೆಯುತ್ತದೆ. Servo ಲೈಬ್ರರಿ ಪಲ್ಸ್ ಮುಗಿಸುವುದು ಇಂಟರಪ್ಟಿನಿಂದಲೇ. ಪಲ್ಸ್ ಮಧ್ಯದಲ್ಲಿ ತಡೆ ಬಿದ್ದರೆ ಅದು ಉದ್ದವಾಗುತ್ತದೆ, ಸರ್ವೋ ಆ ಕಡೆ ಜಿಗಿಯುತ್ತದೆ. ಇದಕ್ಕೆ Servo ಲೈಬ್ರರಿ ಬಿಟ್ಟು ಟೈಮರ್ 1ರ ಹಾರ್ಡ್‌ವೇರಿಗೇ ಕೆಲಸ ಒಪ್ಪಿಸಿದೆ. ಸಿಗ್ನಲ್ ತಂತಿ 9ನೇ ಪಿನ್ನಿನಲ್ಲಿರಬೇಕು:

```
TCCR1A = _BV(COM1A1) | _BV(WGM11);
TCCR1B = _BV(WGM13) | _BV(WGM12);
ICR1  = 39999;
OCR1A = 2000;
TCNT1 = 39000;
DDRB |= _BV(DDB1);
TCCR1B |= _BV(CS11);
```

16 ಮೆಗಾಹರ್ಟ್ಜ್ ಅನ್ನು 8ರಿಂದ ಭಾಗಿಸಿದಾಗ ಒಂದು ಎಣಿಕೆ ಅರ್ಧ ಮೈಕ್ರೋಸೆಕೆಂಡ್. 40000 ಎಣಿಕೆ ಎಂದರೆ 20 ಮಿಲಿಸೆಕೆಂಡ್, 2000 ಎಂದರೆ 1 ಮಿಲಿಸೆಕೆಂಡ್. `TCNT1` ಅನ್ನು 39000ದಿಂದ ಶುರು ಮಾಡುವುದಕ್ಕೆ ಕಾರಣವಿದೆ: ಪಿನ್ ತೆರೆದಾಗ ಪಲ್ಸ್ ನಡುವೆ ಇರುವುದಿಲ್ಲ, ಮೊದಲ ಪಲ್ಸೇ ತುಂಡಾಗದೆ ಪೂರ್ತಿ ಅಗಲದಲ್ಲಿ ಹೊರಡುತ್ತದೆ. `OCR1A`ಗೆ ಬರೆದ ಹೊಸ ಬೆಲೆಯೂ ಮುಂದಿನ ಸುತ್ತಿನ ಆರಂಭದಲ್ಲೇ ಜಾರಿಗೆ ಬರುವುದರಿಂದ ನಡುವೆ ಅರೆಬರೆ ಪಲ್ಸ್ ಹೊರಡದು. ಸಂವೇದಕ ಎಷ್ಟು ಹೊತ್ತು ಇಂಟರಪ್ಟ್ ತಡೆದರೂ ಈಗ ಅಗುಳಿ ಅಲುಗುವುದಿಲ್ಲ.

ಒಂದು ಮಿತಿ ಇದೆ. ಪಲ್ಸ್ ಎಷ್ಟೇ ಶುಚಿಯಾಗಿದ್ದರೂ, ಪವರ್ ಸಿಕ್ಕ ಕ್ಷಣ ತನ್ನೊಳಗಿನ ಸರ್ಕ್ಯೂಟ್ ನೆಲೆಗೊಳ್ಳುವ ಮುನ್ನ ಕೆಲವು ಸರ್ವೋಗಳು ಕೂದಲೆಳೆಯಷ್ಟು ಕದಲುತ್ತವೆ. ನನ್ನದೂ ಕದಲುತ್ತದೆ, ಅದನ್ನು ಸಾಫ್ಟ್‌ವೇರ್ ತಡೆಯಲಾರದು. ಅದಕ್ಕೇ ಅಗುಳಿಯನ್ನು ಚೌಕಟ್ಟಿನೊಳಗೆ ಆ ಕದಲಿಕೆಗಿಂತ ಸಾಕಷ್ಟು ಆಳಕ್ಕೆ ಕೂರಿಸಿದ್ದೇನೆ. ತೂಕ ಹೊತ್ತು ನಿಲ್ಲುವ ಬಾಗಿಲಿಗೆ, ಅಂದರೆ ಸರ್ವೋ ಬಿಟ್ಟರೆ ಕೆಳಗೆ ಬೀಳುವ ಬಾಗಿಲಿಗೆ, ಇದನ್ನು ಹಾಕಬೇಡಿ ಎಂದೇ ಹೇಳುತ್ತೇನೆ. ಇನ್ನು ಇದರ ಕವಚ ನೀರು ತಡೆಯುವಂಥದ್ದಲ್ಲ. ನಮ್ಮ ತೇವಕ್ಕೆ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟುತ್ತವೆ, ಆಗ ಎರಡನೇ ಬಗೆಯ ಒದೆತ ಮರಳಿ ಬರುತ್ತದೆ. ಹಾಗಾಗಿ ಮುಂಗಾರಿಗೆ ಮೊದಲು ಆ ಪಿನ್ನುಗಳನ್ನು ಒರೆಸಿ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚುತ್ತೇನೆ.