ಅಂಗಡಿಯ ಹಳೇ ಇನ್‌ಸ್ಟಾಗ್ರಾಂ ಖಾತೆ: ಮರೆಮಾಡುವುದೋ, ಅಳಿಸುವುದೋ, ಬೋರ್ಡ್ ಹಾಕಿ ಬಿಡುವುದೋ?

ಇಳಕಲ್ ಸೀರೆ ಅಂಗಡಿಯೊಂದು ಹೊಸ ಹೆಸರಲ್ಲಿ ಹೊಸ ಖಾತೆ ತೆರೆದಿದೆ ಎನ್ನಿ. ಹಳೆಯದರಲ್ಲಿ ವರ್ಷದಿಂದ ಪೋಸ್ಟ್ ಇಲ್ಲ, ಆದರೂ ಆರ್ಡರ್ ಕೇಳಿ ಮೆಸೇಜ್ ಬರುತ್ತಲೇ ಇವೆ. ಏನೇ ಮಾಡಿದರೂ ಫಾಲೋವರ್‌ಗಳು ತಾವಾಗಿ ಹೊಸ ಖಾತೆಗೆ ಬರುವುದಿಲ್ಲ.

ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರೆ ಪ್ರೊಫೈಲ್, ಫೋಟೊ, ಕಾಮೆಂಟ್ ಎಲ್ಲ ಮರೆಯಾಗುತ್ತವೆ. ಲಾಗಿನ್ ಆದರೆ ಮರಳುತ್ತವೆ. ಹುಡುಕುವ ಗ್ರಾಹಕರಿಗೆ ಮಾತ್ರ ಅಂಗಡಿಯೇ ಮುಚ್ಚಿದಂತೆ. ಸೀಸನ್ ವ್ಯಾಪಾರದವರಿಗೆ ಇದು ಸಾಕು.

ಅಳಿಸಿದರೆ 30 ದಿನದೊಳಗೆ ಮನಸ್ಸು ಬದಲಿಸಬಹುದು, ಆಮೇಲೆ ಇಲ್ಲ. ಹಳೇ ಯೂಸರ್‌ನೇಮ್ ಮತ್ತೆ ಸಿಗುತ್ತದೆಂದು ನಂಬಬೇಡಿ.

ಈ ಅಂಗಡಿಗೆ ನಮ್ಮ ಆಯ್ಕೆ ಮೂರನೆಯದು: ಖಾತೆ ಇರಲಿ. 150 ಅಕ್ಷರದ ಬಯೋದಲ್ಲಿ ಮೊದಲ ಸಾಲೇ ‘ಈಗ ಇಲ್ಲಿದ್ದೇವೆ’ ಎಂದು ಹೊಸ ಖಾತೆಯ @ ಹೆಸರು ಹಾಕಿ. ಅದನ್ನೇ ಹೇಳುವ ಪೋಸ್ಟ್ ಒಂದನ್ನು ಪಿನ್ ಮಾಡಿ. ಹಳೇ ಫೋನ್ ನಂಬರ್ ತೆಗೆಯಿರಿ. ಇಲ್ಲದಿದ್ದರೆ ಕರೆ ಯಾರಿಗೋ ಹೋಗುತ್ತದೆ.

ಅಳಿಸುವುದೇ ಆದರೆ ಮೊದಲು ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ Accounts Center ಮೂಲಕ ಡೇಟಾ ಇಳಿಸಿಕೊಳ್ಳಿ. ಅವಧಿಗೆ All time ಆರಿಸದಿದ್ದರೆ ಹಳೇ ಸೀರೆಗಳ ಫೋಟೊ ಬರುವುದಿಲ್ಲ. ಫೈಲ್ ಮಾದರಿಗೆ HTML ಆರಿಸಿದರೆ ನೋಡಲು ಸಲೀಸು. ಫೈಲ್ ತೆರೆದು ಮೊಟ್ಟಮೊದಲ ಪೋಸ್ಟ್ ಇದೆಯೇ ನೋಡಿ, ಆಮೇಲೆ ಅಳಿಸಿ.