ಹಳದಿ ಡಾಲರ್ ಮತ್ತು ಓಬವ್ವನ ಕಿಂಡಿ: ಮಾನವ ಪರಿಶೀಲನೆ ಬಳಸಿದ ಮೂರು ವರ್ಷದ ಅನುಭವ

ನಮ್ಮ ಮನೆಯ ಮಹಡಿ ಮೇಲೆ ನಿಂತರೆ ಚಿತ್ರದುರ್ಗದ ಕೋಟೆ ಕಾಣಿಸುತ್ತದೆ. ಬೆಳಿಗ್ಗೆ ಟೀ ಲೋಟ ಹಿಡಿದು ಅಲ್ಲಿಗೆ ಹೋಗಿ, ಲ್ಯಾಪ್‌ಟಾಪ್ ತೆರೆದು, ಯೂಟ್ಯೂಬ್ ಸ್ಟುಡಿಯೊದಲ್ಲಿ ನನ್ನ ವಿಡಿಯೊಗಳ ಪಟ್ಟಿ ನೋಡುವುದು ನನ್ನ ದಿನದ ಮೊದಲ ಕೆಲಸ. ಎಷ್ಟು ಜನ ನೋಡಿದರು ಅನ್ನುವುದನ್ನು ಆಮೇಲೆ ನೋಡುತ್ತೇನೆ. ಮೊದಲು ಕಣ್ಣು ಹೋಗುವುದು ಡಾಲರ್ ಗುರುತಿನ ಸಾಲಿಗೆ. ಎಲ್ಲ ಹಸಿರಾಗಿದ್ದರೆ ಟೀ ರುಚಿಸುತ್ತದೆ. ಒಂದು ಹಳದಿಯಾಗಿದ್ದರೆ ಲೋಟ ಅಲ್ಲೇ ಆರಿ ಹೋಗುತ್ತದೆ.

ನಾನು ಕೋಟೆಯ ಬಗ್ಗೆ ವಿಡಿಯೊ ಮಾಡುವವನು. ತಿಂಗಳಿಗೆ ಎರಡು. ಜಾಹೀರಾತಿನಿಂದ ಬರುವ ದುಡ್ಡು ಇಂಟರ್ನೆಟ್‌ಗೆ, ಬೈಕಿನ ಪೆಟ್ರೋಲಿಗೆ ಸರಿಹೋಗುತ್ತದೆ. ಅದಕ್ಕೇ ಒಂದು ವಿಡಿಯೊ ಹಳದಿಯಾದರೂ ನನಗೆ ಲೆಕ್ಕ ತಪ್ಪುತ್ತದೆ.

ಹಳದಿ ಗುರುತಿನ ಮೇಲೆ ಮೌಸ್ ಇಟ್ಟರೆ Limited or no ads ಎಂದು ಬರುತ್ತದೆ. ಇದು ಶಿಕ್ಷೆ ಅಲ್ಲ, ಸ್ಟ್ರೈಕೂ ಅಲ್ಲ. ವಿಡಿಯೊ ಎಂದಿನಂತೆ ಓಡುತ್ತದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಪ್ರೀಮಿಯಂ ಚಂದಾದಾರರು ನೋಡಿದ್ದರ ಪಾಲು ಕೂಡ ಬರುತ್ತಲೇ ಇರುತ್ತದೆ. ಆದರೆ ಹೆಚ್ಚಿನ ಕಂಪನಿಗಳು ತಮ್ಮ ಜಾಹೀರಾತು ಇಂಥ ವಿಡಿಯೊ ಪಕ್ಕ ಬೇಡ ಅನ್ನುತ್ತವೆ. ಹಾಗಾಗಿ ಆದಾಯ ಇಳಿದುಬಿಡುತ್ತದೆ. ಈ ಮೊದಲ ತೀರ್ಮಾನ ಯಂತ್ರದ್ದು. ಅದು ಒಪ್ಪಿಗೆಯಾಗದಿದ್ದರೆ ಮನುಷ್ಯರೊಬ್ಬರು ನೋಡಲಿ ಎಂದು ಕೇಳಬಹುದು. ನಾನು ವಿಮರ್ಶೆ ಬರೆಯುತ್ತಿರುವುದು ಈ ಸೌಲಭ್ಯದ ಬಗ್ಗೆ.

ಮೊದಲ ಸಲ ಬಳಸಿದಾಗ ನನಗೆ ಸಿಟ್ಟೇ ಬಂದಿತ್ತು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಕಥೆ ಹೇಳಿದ್ದೆ. ಶುರುವಿನಲ್ಲೇ ರಣರಂಗದ ಚಿತ್ರ, ನೆಲದ ತುಂಬ ಹೆಣ. ಹಳದಿ ಬಂದ ಕೂಡಲೇ, ಒಂದು ನಿಮಿಷವೂ ಯೋಚಿಸದೆ Request review ಒತ್ತಿದೆ. ಇತಿಹಾಸ ತಾನೆ, ಮನುಷ್ಯರು ನೋಡಿದರೆ ಅರ್ಥ ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಹಳದಿಯೇ ಸರಿ. ಆಮೇಲೆ ಆ ಚಿತ್ರ ಕತ್ತರಿಸಿದೆ, ಶೀರ್ಷಿಕೆ ಬದಲಿಸಿದೆ. ಏನೂ ಆಗಲಿಲ್ಲ. ಯಾಕೆಂದರೆ ಪರಿಶೀಲಕರು ಒಮ್ಮೆ ಹೇಳಿದ ಮೇಲೆ ಆ ಗುರುತು ಮತ್ತೆ ಬದಲಾಗುವುದಿಲ್ಲ. ಒಂದು ವಿಡಿಯೊಗೆ ಒಂದೇ ಅವಕಾಶ. ಆ ವಿಡಿಯೊ ಇವತ್ತಿಗೂ ಹಳದಿ.

ಈ ಒಂದು ಮಾತು ಮೊದಲೇ ತಲೆಗೆ ಹೋಗಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ. ಗುಂಡಿ ಒತ್ತುವುದು ಕೊನೆಯ ಕೆಲಸ, ಮೊದಲ ಕೆಲಸ ಅಲ್ಲ.

ಎರಡನೇ ಸಲ ಹಳದಿ ಬಂದಿದ್ದು ಓಬವ್ವನ ಕಿಂಡಿಯ ವಿಡಿಯೊಗೆ. ಇದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆ ಕಿಂಡಿ ನೋಡಿದವರಿಗೆ ಗೊತ್ತು, ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ನುಸುಳುವಷ್ಟೇ ಜಾಗ. ನಾನು ಕ್ಯಾಮೆರಾ ಹಿಡಿದು ಅದರೊಳಗೆ ತೂರಿ ಈಚೆ ಬಂದು ತೋರಿಸಿದ್ದೆ. ತಲೆ ಮೊದಲು ಹೊರಗೆ ಬರುತ್ತದೆ, ಕೈ ಆಮೇಲೆ. ಒನಕೆ ಹಿಡಿದ ಒಬ್ಬ ಹೆಂಗಸು ಅಷ್ಟು ಸೈನಿಕರನ್ನು ಹೇಗೆ ತಡೆದಳು ಅನ್ನುವುದಕ್ಕೆ ಆ ಕಲ್ಲಿನ ಸಂದಿಯೇ ಉತ್ತರ. ವಿಡಿಯೊದಲ್ಲಿ ಒಂದು ಹನಿ ರಕ್ತ ಇರಲಿಲ್ಲ. ಆದರೂ ಕಾರಣದ ಜಾಗದಲ್ಲಿ Violence ಎಂದು ತೋರಿಸುತ್ತಿತ್ತು.

ಯಾಕೆ ಅಂತ ಹುಡುಕುತ್ತಾ ಕೂತಿದ್ದೆ. ಮಗಳು ಹಿಂದೆ ಬಂದು ನಿಂತು ಪರದೆ ನೋಡಿದಳು. "ಅಪ್ಪಾ, ವಿಡಿಯೊ ಯಾಕ್ ನೋಡ್ತೀಯಾ? ಹೊರಗಿನ ಚಿತ್ರ ನೋಡು" ಅಂದಳು.

ಅವಳು ಹೇಳಿದ್ದು ಸರಿ. ಥಂಬ್‌ನೇಲ್‌ನಲ್ಲಿ ಒನಕೆಯ ತುದಿಗೆ ನಾನೇ ಕೆಂಪು ಬಣ್ಣ ಬಳಿದಿದ್ದೆ, ಜನ ಒತ್ತಲಿ ಅಂತ. ಶೀರ್ಷಿಕೆ "ಓಬವ್ವ ಎಷ್ಟು ಜನರನ್ನು ಕೊಂದಳು?" ಜಾಹೀರಾತಿಗೆ ಯೋಗ್ಯವೋ ಅಲ್ಲವೋ ಎಂದು ನೋಡುವಾಗ ವಿಡಿಯೊ ಒಂದನ್ನೇ ತೂಗುವುದಿಲ್ಲ. ಶೀರ್ಷಿಕೆ, ಥಂಬ್‌ನೇಲ್, ವಿವರಣೆ, ಟ್ಯಾಗ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಯಮಗಳಲ್ಲಿ ಇತಿಹಾಸ ಹೇಳುವುದಕ್ಕೆ, ಪಾಠ ಮಾಡುವುದಕ್ಕೆ ಜಾಗ ಇದೆ. ಅಡ್ಡ ಬರುವುದು ರಕ್ತ, ಗಾಯ, ಹೆಣವನ್ನೇ ಎತ್ತಿ ತೋರಿಸುವುದು. ನನ್ನ ವಿಡಿಯೊ ಒಳಗೆ ಪಾಠ ಇತ್ತು, ಹೊರಗೆ ರಕ್ತ ಇತ್ತು.

ಇನ್ನೊಂದು ತಪ್ಪೂ ಸಿಕ್ಕಿತು. ಅಪ್‌ಲೋಡ್ ಮಾಡುವಾಗ ವಿಡಿಯೊದಲ್ಲಿ ಏನೇನಿದೆ ಎಂದು ನಾವೇ ಗುರುತು ಹಾಕುವ ಪ್ರಶ್ನಾವಳಿ ಇರುತ್ತದಲ್ವಾ, ಅದರಲ್ಲಿ ಪ್ರತಿಸಲ ಸುಮ್ನೆ None of the above ಒತ್ತಿ ಮುಂದೆ ಹೋಗುತ್ತಿದ್ದೆ. ಯುದ್ಧದ ಕಥೆ ಹೇಳಿ ಹಿಂಸೆ ಇಲ್ಲ ಅಂದರೆ ಯಾರು ನಂಬುತ್ತಾರೆ? ನಾವು ಹಾಕಿದ ಗುರುತು ಪರಿಶೀಲನೆಯ ಜೊತೆ ಹೊಂದುತ್ತಾ ಹೋದಂತೆ ಯಂತ್ರಕ್ಕಿಂತ ನಮ್ಮ ಮಾತಿಗೆ ಬೆಲೆ ಜಾಸ್ತಿ ಸಿಗುತ್ತದೆ. ಹೊಂದದಿದ್ದರೆ ನಮ್ಮ ಮಾತಿಗೆ ತೂಕ ಇರುವುದಿಲ್ಲ. ಈ ಸಲ ಹಿಂಸೆಯ ವಿಭಾಗ ತೆರೆದು, ಅದರಲ್ಲಿ ಅತಿ ಸೌಮ್ಯವಾದ ಹಂತ ಆರಿಸಿದೆ. ನಿಜ ಇದ್ದದ್ದೂ ಅಷ್ಟೇ.

ಆಮೇಲೆ ಥಂಬ್‌ನೇಲ್ ತೆಗೆದು ಬರೀ ಕಿಂಡಿಯ ಫೋಟೊ ಹಾಕಿದೆ, ಬೆಳಗಿನ ಬಿಸಿಲು ಬಿದ್ದಾಗ ತೆಗೆದದ್ದು. ಶೀರ್ಷಿಕೆ "ಓಬವ್ವನ ಕಿಂಡಿಯ ಒಳಗೆ ನಡೆದು ನೋಡೋಣ" ಆಯಿತು. ವಿವರಣೆಯ ಮೊದಲ ಸಾಲಿನಲ್ಲೇ ಇದು ಚಿತ್ರದುರ್ಗ ಕೋಟೆಯ ಇತಿಹಾಸದ ಪಾಠ ಎಂದು ಬರೆದೆ. ಒಂದು ದಿನ ಕಾದೆ, ಯಂತ್ರವೇ ಮತ್ತೆ ನೋಡಿ ಹಸಿರು ಮಾಡಬಹುದೇನೋ ಅಂತ. ಮಾಡಲಿಲ್ಲ. ಆಗ ಪಟ್ಟಿಯಲ್ಲಿ ಹಳದಿ ಡಾಲರ್ ಮೇಲೆ ಮೌಸ್ ಇಟ್ಟು Request review ಒತ್ತಿ ಕಳಿಸಿದೆ. ಏಳು ದಿನದವರೆಗೂ ಹಿಡಿಯಬಹುದು ಅನ್ನುತ್ತಾರೆ. ಮೂರನೇ ದಿನ ಬೆಳಿಗ್ಗೆ ಮಹಡಿ ಮೇಲೆ ಲ್ಯಾಪ್‌ಟಾಪ್ ತೆರೆದರೆ ಹಸಿರು. ಕೆಳಗೆ ಇಳಿದು ಹೋಗಿ ಮಗಳನ್ನು ಎಬ್ಬಿಸಿ ತೋರಿಸಿದೆ. ಎಲ್ಲೋ ಒಬ್ಬರು ಕೂತು ಇಡೀ ಕಥೆ ನೋಡಿ, ಇದರಲ್ಲಿ ತಪ್ಪಿಲ್ಲ ಅಂದಿದ್ದಾರೆ ಅನ್ನುವುದು ದುಡ್ಡಿಗಿಂತ ಹೆಚ್ಚು ಖುಷಿ ಕೊಟ್ಟಿತು.

ಆದರೂ ಐದಕ್ಕೆ ಮೂರೇ ಅಂಕ ಕೊಡುತ್ತೇನೆ. ಕಾರಣ ಒಂದೇ. ನನ್ನಂಥವರ ವಿಡಿಯೊವನ್ನು ಜಾಸ್ತಿ ಜನ ನೋಡುವುದು ಮೊದಲ ಮೂರು ನಾಲ್ಕು ದಿನ. ಅಷ್ಟೂ ದಿನ ವಿಡಿಯೊ ಹಳದಿಯಲ್ಲಿ ಕಳೆಯುತ್ತದೆ. ಆಮೇಲೆ ಹಸಿರಾದರೂ ಹೋದ ದಿನಗಳ ಜಾಹೀರಾತು ದುಡ್ಡು ತಿರುಗಿ ಬರುವುದಿಲ್ಲ. ಯಂತ್ರದ ತಪ್ಪಿಗೆ ನಷ್ಟ ನಮ್ಮದು. ಇದು ನನಗೆ ಇವತ್ತಿಗೂ ನ್ಯಾಯ ಅನ್ನಿಸಿಲ್ಲ.

ಅದಕ್ಕೆ ಈಗ ನನ್ನ ಪದ್ಧತಿ ಬದಲಾಗಿದೆ. ವಿಡಿಯೊವನ್ನು ಮೊದಲು Unlisted ಇಟ್ಟು ಅಪ್‌ಲೋಡ್ ಮಾಡುತ್ತೇನೆ. Checks ಹಂತ ಮುಗಿಯುವವರೆಗೂ ಕಾಯುತ್ತೇನೆ. ಹಳದಿ ಬಂದರೆ ಯಾರೂ ನೋಡುವ ಮೊದಲೇ ತಿದ್ದಿ, ಬೇಕಿದ್ದರೆ ಪರಿಶೀಲನೆಗೆ ಕಳಿಸುತ್ತೇನೆ. ಹಸಿರಾದ ಮೇಲೆಯೇ ಎಲ್ಲರಿಗೂ ತೆರೆಯುವುದು. ಅಳಿಸಿ ಮತ್ತೆ ಹಾಕುವ ದಾರಿಗೆ ಹೋಗಬೇಡಿ, ಒಳಗಿರುವುದು ಅದೇ ಆದ್ದರಿಂದ ಗುರುತೂ ಅದೇ ಬರುತ್ತದೆ. ದಿನದ ಸುದ್ದಿ ಮಾಡುವವರಿಗೆ ಈ ಕಾಯುವಿಕೆ ಆಗಿಬರುವುದಿಲ್ಲ. ಕೋಟೆ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ನನಗೆ ಆಗುತ್ತದೆ.

ಈಗ ಅಕ್ಕ ತಂಗಿ ಹೊಂಡದ ವಿಡಿಯೊ ಹಾಗೇ ಕೂತಿದೆ. ಇಬ್ಬರು ರಾಣಿಯರು ಅಲ್ಲಿ ನೀರಿಗೆ ಹಾರಿದರು ಎಂದು ನಮ್ಮೂರಲ್ಲಿ ಹೇಳುತ್ತಾರೆ. ಆತ್ಮಹತ್ಯೆಯ ಮಾತು ವಿವಾದಾತ್ಮಕ ವಿಷಯಗಳ ಪಟ್ಟಿಯಲ್ಲಿ ಬರುತ್ತದೆ ಎಂದು ಗೊತ್ತಿದ್ದೇ ಪ್ರಶ್ನಾವಳಿಯಲ್ಲಿ ಆ ವಿಭಾಗಕ್ಕೆ ಗುರುತು ಹಾಕಿದ್ದೇನೆ. ಥಂಬ್‌ನೇಲ್‌ನಲ್ಲಿ ನಿಂತ ನೀರು ಮತ್ತು ಕಲ್ಲು, ಬೇರೇನೂ ಇಲ್ಲ. ಪರಿಶೀಲನೆಗೆ ಕಳಿಸಿ ಇವತ್ತಿಗೆ ಎರಡು ದಿನ.